ಟೆರೇಸ್ ಸೋರಿದಾಗ ಕಾಂಟ್ರಾಕ್ಟರ್‌ಗೆ ಬರೆಯುವ ಕಾಗದ: ಕೊನೆಯ ಕಂತು ತಡೆಹಿಡಿಯೋದು ಹೇಗೆ

ಇವತ್ತು ನಾನು ಮಾತಾಡೋದು ಒಂದೇ ಒಂದು ಕಾಗದದ ಬಗ್ಗೆ. ಪುಣೆಯಲ್ಲಿ ನಾನಿರೋ ಹೌಸಿಂಗ್ ಸೊಸೈಟಿಯಿಂದ 2024ರ ಜುಲೈ 3ರಂದು ವಾಟರ್‌ಪ್ರೂಫಿಂಗ್ ಕಾಂಟ್ರಾಕ್ಟರ್‌ಗೆ ಹೋದ ಕಾಗದ ಅದು. ನಾನು ಲಾಯರ್ ಅಲ್ಲ, ಸಿವಿಲ್ ಎಂಜಿನಿಯರೂ ಅಲ್ಲ, ಸಾಫ್ಟ್‌ವೇರ್‌ನವನು. ಕಮಿಟಿಯಲ್ಲಿ ಕಾಗದ ಬರೆಯೋ ಕೆಲಸ ನನ್ನ ತಲೆಗೆ ಬಂತು ಅಷ್ಟೇ. ಆದ್ರೆ ಆ ಒಂದು ಕಾಗದಕ್ಕೋಸ್ಕರ ನಾನು ಕಾಂಟ್ರಾಕ್ಟ್ ಆಕ್ಟ್ ಓದಿದೆ, ಕೋಟಿಂಗ್ ಡಬ್ಬಗಳನ್ನ ಲೆಕ್ಕ ಹಾಕಿದೆ, ಟೆರೇಸ್ ಮೇಲೆ ಎರಡು ರಾತ್ರಿ ಟಾರ್ಚ್ ಹಿಡ್ಕೊಂಡು ಓಡಾಡಿದೆ. ಮುಂಬೈ, ಚೆನ್ನೈ, ಹೈದರಾಬಾದ್ ಎಲ್ಲಿದ್ರೂ ಸೊಸೈಟಿ ಕಮಿಟಿಯಲ್ಲಿ ಕೂತ ಕನ್ನಡಿಗರಿಗೆ ಇದು ಒಂದಲ್ಲ ಒಂದು ಸಲ ಎದುರಾಗೋದೇ.

ಮೊದಲು ವಿಷಯ ಹೇಳಿಬಿಡ್ತೀನಿ. ನಮ್ಮದು 48 ಫ್ಲ್ಯಾಟಿನ ಕಟ್ಟಡ, ಟೆರೇಸ್ ಸುಮಾರು 600 ಚದರ ಮೀಟರ್. ಪಾಲಿಯುರೆಥೇನ್ ಕೋಟಿಂಗ್ ಮಾಡಿಸೋಕೆ 6 ಲಕ್ಷ ರೂಪಾಯಿಗೆ ಒಪ್ಪಂದ ಆಗಿತ್ತು. ಜಿಎಸ್‌ಟಿ ಬಿಟ್ಟು ಹೇಳ್ತಿದ್ದೀನಿ, ಲೆಕ್ಕ ಸುಲಭ ಆಗ್ಲಿ ಅಂತ. ಹಣ ನಾಲ್ಕು ಕಂತು. ಕೊನೆಯದು 1,20,000, ಅಂದ್ರೆ ಇಪ್ಪತ್ತು ಪರ್ಸೆಂಟ್. ಮೇ 31ಕ್ಕೆ ಮುಗಿಯಬೇಕಿದ್ದ ಕೆಲಸ ಜೂನ್ 20ಕ್ಕೆ "ಮುಗೀತು" ಅಂತ ಮೇಲ್ ಬಂತು, ಜೊತೆಗೇ ಫೈನಲ್ ಬಿಲ್. ನಾಲ್ಕು ದಿನಕ್ಕೆ ಮಳೆ ಹಿಡೀತು. ಮೇಲಿನ ಮಹಡಿಯ ಮೂರು ಫ್ಲ್ಯಾಟಿನ ಸೀಲಿಂಗಿನಲ್ಲಿ ಒದ್ದೆ ಕಲೆ.

ಚೇರ್ಮನ್ ಅವರು ಅವತ್ತು ರಾತ್ರಿನೇ ಒಂದು ಕಾಗದ ಬರೆದು ಗ್ರೂಪಿಗೆ ಹಾಕಿದ್ರು. ಹಿರಿಯರು, ಒಳ್ಳೆಯವರು, ಆದ್ರೆ ಸಿಟ್ಟಿನಲ್ಲಿದ್ರು. ನೀವು ನಮಗೆ ಮೋಸ ಮಾಡಿದ್ದೀರಿ, ಕೊನೆಯ ಕಂತನ್ನ ಮುಟ್ಟುಗೋಲು ಹಾಕಿದ್ದೇವೆ, ಇಪ್ಪತ್ತು ದಿನ ತಡ ಮಾಡಿದ್ದಕ್ಕೆ ದಿನಕ್ಕೆ ಸಾವಿರದ ಹಾಗೆ ದಂಡ, ಏಳು ದಿನದಲ್ಲಿ ಸರಿ ಮಾಡದಿದ್ರೆ ಊರೆಲ್ಲ ಸೊಸೈಟಿಗಳಿಗೂ ತಿಳಿಸ್ತೀವಿ. ಗ್ರೂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಈ ನಾಲ್ಕು ವಾಕ್ಯದಲ್ಲಿ ಒಂದೊಂದೂ ನಮ್ಮನ್ನೇ ತೊಂದರೆಗೆ ಸಿಕ್ಕಿಸೋ ವಾಕ್ಯ. ಹೇಗೆ ಅನ್ನೋದೇ ಇವತ್ತಿನ ಮಾತು.

ಮೊದಲನೆಯದು "ಮುಟ್ಟುಗೋಲು". ಹಣ ಕೊಡದೇ ಇರೋದಕ್ಕೆ ಎರಡು ಬೇರೆ ಬೇರೆ ಕಾರಣ ಇರಬಹುದು. ಒಂದು, ಆ ಹಣ ಕೊಡುವ ಕಾಲ ಇನ್ನೂ ಬಂದೇ ಇಲ್ಲ. ಇನ್ನೊಂದು, ಕೊಡುವ ಕಾಲ ಬಂದಿದೆ, ಆದ್ರೆ ನಿಮ್ಮಿಂದ ನನಗೆ ನಷ್ಟ ಆಗಿದೆ, ಅದನ್ನ ಮುರ್ಕೊಳ್ತೀನಿ. ಎರಡನೇ ದಾರಿ ಹಿಡಿದ್ರೆ ನಷ್ಟ ಎಷ್ಟು, ಹೇಗೆ ಆಯ್ತು ಅನ್ನೋದನ್ನ ನಾವೇ ಪೂರ್ತಿ ಸಾಧಿಸಿ ತೋರಿಸಬೇಕು. ಮೊದಲನೇ ದಾರಿಯಲ್ಲಿ ಒಪ್ಪಂದದ ಒಂದು ಷರತ್ತು ತೋರಿಸಿದ್ರೆ ಸಾಕು. ನಮ್ಮ ವರ್ಕ್ ಆರ್ಡರ್‌ನಲ್ಲಿ ಅದೃಷ್ಟಕ್ಕೆ ಒಂದು ಸಾಲು ಇತ್ತು: ಕೊನೆಯ ಕಂತು 48 ಗಂಟೆಯ ಪಾಂಡಿಂಗ್ ಟೆಸ್ಟ್ ಮತ್ತು ಎರಡೂ ಕಡೆಯವರ ಜಂಟಿ ಪರಿಶೀಲನೆ ಆದ ಮೇಲೆ. ಪಾಂಡಿಂಗ್ ಟೆಸ್ಟ್ ಅಂದ್ರೆ ನೀರಿಳಿಯೋ ಪೈಪಿನ ಬಾಯಿ ಮುಚ್ಚಿ, ಟೆರೇಸ್ ಮೇಲೆ ನೀರು ನಿಲ್ಲಿಸಿ, ಕೆಳಗೆ ಸೋರುತ್ತಾ ನೋಡೋದು. ಆ ಟೆಸ್ಟನ್ನ ಅವರು ಮಾಡಿರಲೇ ಇಲ್ಲ. ಹಾಗಾಗಿ ನಮ್ಮ ಕಾಗದದಲ್ಲಿ "ತಡೆಹಿಡಿದಿದ್ದೇವೆ" ಅನ್ನೋ ಪದಕ್ಕೂ ಮುಂಚೆ ಬಂದ ವಾಕ್ಯ "ಈ ಕಂತು ಇನ್ನೂ ಬಾಕಿ ಆಗಿಲ್ಲ" ಅನ್ನೋದು. ನಿಮ್ಮ ಆರ್ಡರ್‌ನಲ್ಲಿ ಇಂಥ ಸಾಲು ಇಲ್ಲದಿದ್ರೆ ಎರಡನೇ ದಾರಿನೇ ಗತಿ, ಆಗ ಅಂಕಿಗಳ ಮೇಲೆ ಇನ್ನೂ ಹೆಚ್ಚು ಕೆಲಸ ಮಾಡಬೇಕು.

ಎರಡನೆಯದು ತಡದ ದಂಡ. ಇದು ನನಗೂ ಹೊಸದು. ಇಂಡಿಯನ್ ಕಾಂಟ್ರಾಕ್ಟ್ ಆಕ್ಟ್ 1872ರ 55ನೇ ಸೆಕ್ಷನ್ ಏನು ಹೇಳುತ್ತೆ ಅಂದ್ರೆ, ಗಡುವು ಮುಖ್ಯವಾಗಿದ್ದ ಒಪ್ಪಂದದಲ್ಲಿ ಒಬ್ಬರು ತಡ ಮಾಡಿದಾಗ, ಇನ್ನೊಬ್ಬರು ಆ ತಡವಾದ ಕೆಲಸವನ್ನ ಒಪ್ಕೊಂಡ್ರೆ, ಒಪ್ಕೊಳ್ಳೋ ಹೊತ್ತಿನಲ್ಲೇ "ತಡಕ್ಕೆ ಪರಿಹಾರ ಕೇಳ್ತೀನಿ" ಅಂತ ನೋಟಿಸ್ ಕೊಟ್ಟಿರಬೇಕು. ಇಲ್ಲದಿದ್ರೆ ಆಮೇಲೆ ಕೇಳೋ ಹಾಗಿಲ್ಲ. ಜೂನ್ ಒಂದರಿಂದ ಇಪ್ಪತ್ತರವರೆಗೆ ನಮ್ಮ ಕಡೆಯಿಂದ ಒಂದು ಮೇಲೂ ಹೋಗಿರಲಿಲ್ಲ. ಬದಲಿಗೆ "ಬೇಗ ಮುಗಿಸಿ ಭಾಯ್" ಅಂತ ವಾಟ್ಸಾಪ್ ಮೆಸೇಜ್‌ಗಳು ಹೋಗಿದ್ವು, ಅದು ಒಪ್ಪಿಗೆಯ ಥರಾನೇ ಓದುತ್ತೆ. ಮೇಲಾಗಿ ದಿನಕ್ಕೆ ಸಾವಿರ ಅನ್ನೋ ಅಂಕಿ ಆರ್ಡರ್‌ನಲ್ಲೇ ಇರಲಿಲ್ಲ. ಇದ್ದಿದ್ರೂ 74ನೇ ಸೆಕ್ಷನ್ ಪ್ರಕಾರ ಅದು ಮೇಲ್ಮಿತಿ ಅಷ್ಟೇ, ಸಿಗೋದು ನ್ಯಾಯವಾದ ಪರಿಹಾರ ಮಾತ್ರ. ಚೇರ್ಮನ್ ಅವರಿಗೆ ಇದನ್ನ ಒಪ್ಪಿಸೋಕೆ ಒಂದು ಗಂಟೆ ಹಿಡೀತು. "ಹಾಗಾದ್ರೆ ಅವನು ತಡ ಮಾಡಿದ್ದು ಸರಿನಾ?" ಅಂದ್ರು. "ಸರಿ ಅಲ್ಲ ಅಂಕಲ್, ಆದ್ರೆ ಕೇಳೋ ಸಮಯ ದಾಟಿದೆ. ಸೋಲೋ ವಾದವನ್ನ ಗೆಲ್ಲೋ ವಾದದ ಜೊತೆ ಕಟ್ಟಿದ್ರೆ ಎರಡೂ ಮುಳುಗುತ್ತೆ" ಅಂದೆ. ತಡದ ಮಾತು ತೆಗೆದ್ವಿ.

ಇನ್ನು ದೋಷ ತೋರಿಸೋ ಕೆಲಸ. "ಕೆಲಸ ಕಳಪೆ" ಅಂತ ಬರೆದ್ರೆ ಅದಕ್ಕೆ ಉತ್ತರ "ಕೆಲಸ ಚೆನ್ನಾಗೇ ಇದೆ" ಅಂತ ಬರುತ್ತೆ, ಅಲ್ಲಿಗೆ ಮುಗೀತು. ನಮ್ಮ ಆಫೀಸಿನಲ್ಲಿ ಬಗ್ ರಿಪೋರ್ಟ್ ಬರೆಯೋದು ಹೇಗೆ? ಎಲ್ಲಿ, ಏನಾಗಬೇಕಿತ್ತು, ಏನಾಯ್ತು, ಹೇಗೆ ಮಾಡಿದ್ರೆ ಮತ್ತೆ ಕಾಣುತ್ತೆ. ಅದೇ ಕ್ರಮ ಇಲ್ಲೂ ನಡೆಯುತ್ತೆ.

ಕಾಂಟ್ರಾಕ್ಟರ್ ಕಡೆಯಿಂದ ಏನೇನು ಉತ್ತರ ಬರುತ್ತೆ ಅಂತ ಮೊದಲೇ ಊಹಿಸಬಹುದು. ಮಳೆ ಜಾಸ್ತಿ, ಪ್ಯಾರಪೆಟ್ ಗೋಡೆಯ ಹೊರಗಿನ ಬಿರುಕಿಂದ ನೀರು ಬರ್ತಿದೆ, ಅದು ನನ್ನ ಕೆಲಸ ಅಲ್ಲ. ಓವರ್‌ಹೆಡ್ ಟ್ಯಾಂಕಿನ ಪೈಪ್ ಲೀಕ್ ಇರಬೇಕು. ಯಾರೋ ಡಿಶ್ ಆಂಟೆನಾಗೆ ತೂತು ಕೊರೆದಿದ್ದಾರೆ. ಇವೆಲ್ಲ ಸುಳ್ಳು ಅಂತಲ್ಲ, ಎಷ್ಟೋ ಕಟ್ಟಡದಲ್ಲಿ ನಿಜವೇ. ಮಳೆಯಲ್ಲಿ ಸೋರಿದ್ದನ್ನ ಮಾತ್ರ ತೋರಿಸಿದ್ರೆ ಇವುಗಳಿಗೆ ಉತ್ತರ ಇಲ್ಲ, ಯಾಕಂದ್ರೆ ಮಳೆ ಗೋಡೆಯನ್ನೂ ನೆನೆಸುತ್ತೆ. ಪಾಂಡಿಂಗ್ ಟೆಸ್ಟ್ ಬೇಕಾಗೋದೇ ಇಲ್ಲಿ. ಮಳೆ ಇಲ್ಲದ ದಿನ ನೀರು ನಿಲ್ಲಿಸಿದ್ರೆ ಗೋಡೆಯ ಹೊರಮೈ ಒಣಗಿರುತ್ತೆ, ನೆಲದ ಮೇಲೆ ಮಾತ್ರ ನೀರು.

ಜೂನ್ 27ರಿಂದ ಎರಡು ದಿನ ಮಳೆ ಬಿಡುವು ಕೊಡ್ತು. ಟೆರೇಸನ್ನ ಮೂರು ಭಾಗ ಮಾಡಿದ್ವಿ, ಒಂದೊಂದು ಸುಮಾರು 200 ಚದರ ಮೀಟರ್. ಅಡ್ಡಕ್ಕೆ ಪ್ಲಾಸ್ಟಿಕ್ ಶೀಟ್ ಹಾಸಿ ಮರಳಿನ ಮೂಟೆ ಇಟ್ವಿ. ಇಟ್ಟಿಗೆ-ಗಾರೆ ಹಾಕಿ ಕಟ್ಟೆ ಕಟ್ಟಬಾರದು, ಕೀಳುವಾಗ ಕೋಟಿಂಗ್ ಕಿತ್ತು ಬರುತ್ತೆ, ಆಮೇಲೆ "ನೀವೇ ಹಾಳು ಮಾಡಿದ್ರಿ" ಅಂತಾರೆ. ನೀರು ಸರಾಸರಿ 4 ಸೆಂಟಿಮೀಟರ್. ಇಳಿಜಾರು ಇರೋದ್ರಿಂದ ಪೈಪಿನ ಹತ್ತಿರ ಆರು, ಎತ್ತರದ ಅಂಚಿನಲ್ಲಿ ಎರಡು. ಲೆಕ್ಕ ಹಾಕಿ ನೋಡಿ, ಒಂದು ಭಾಗಕ್ಕೇ 8,000 ಲೀಟರ್ ನೀರು. ಜಾಸ್ತಿ ನಿಲ್ಲಿಸೋ ಹುಮ್ಮಸ್ಸು ಬೇಡ. ಒಂದು ಸೆಂಟಿಮೀಟರ್ ನೀರು ಅಂದ್ರೆ ಪ್ರತಿ ಚದರ ಮೀಟರ್ ಮೇಲೆ 10 ಕೆಜಿ ಭಾರ. ಪ್ಯಾರಪೆಟ್ ಮೇಲೆ ಪೆನ್ಸಿಲಿನಲ್ಲಿ ನೀರಿನ ಮಟ್ಟದ ಗೆರೆ ಹಾಕಿ, ಹೊತ್ತು ಬರೆದು, ಫೋಟೋ ತೆಗೆದ್ವಿ. ಟ್ಯಾಂಕಿನ ಲೈನಿನ ವಾಲ್ವ್ ರಾತ್ರಿಯಿಡೀ ಬಂದ್ ಮಾಡಿದ್ವಿ, ಪೈಪಿನ ಅನುಮಾನ ಉಳಿಯಬಾರದು ಅಂತ. ಟೆಸ್ಟಿಗೆ ಬನ್ನಿ ಅಂತ ಕಾಂಟ್ರಾಕ್ಟರ್‌ಗೆ ಹಿಂದಿನ ದಿನವೇ ಮೇಲ್ ಹಾಕಿದ್ವಿ, ಅವರು ಬರಲಿಲ್ಲ. ಕರೆದಿದ್ವಿ ಅನ್ನೋದಂತೂ ದಾಖಲೆಯಲ್ಲಿ ಉಳೀತು.

ಎರಡು ಭಾಗದಲ್ಲಿ 48 ಗಂಟೆಯಾದ್ರೂ ಕೆಳಗೆ ಒಣಗೇ ಇತ್ತು. ಪೂರ್ವದ ಭಾಗದಲ್ಲಿ 30 ಗಂಟೆ ಹೊತ್ತಿಗೆ ಕೆಳಗಿನ ಎರಡು ಫ್ಲ್ಯಾಟಿನ ಸೀಲಿಂಗ್ ಒದ್ದೆ ಆಯ್ತು, ಎರಡೂ ಕಡೆ ಪ್ಯಾರಪೆಟ್ ಗೋಡೆ ನೆಲಕ್ಕೆ ಸೇರೋ ಮೂಲೆಯ ಕೆಳಗೇ. ಆ ಮೂಲೆಯಲ್ಲಿ ಗಾರೆಯಿಂದ ದುಂಡಗೆ ತಿದ್ದಿ ಅದರ ಮೇಲೆ ಕೋಟಿಂಗ್ ಗೋಡೆಗೆ ಹತ್ತಬೇಕು, ಮೇಸ್ತ್ರಿಗಳು ಅದನ್ನ ಗೋಲಾ ಅಂತಾರೆ. ಅಲ್ಲಿ ಗೋಲಾದಲ್ಲಿ ಕೂದಲೆಳೆ ಬಿರುಕು, ಕೋಟಿಂಗ್ ಅದರ ಜೊತೆಗೇ ಸೀಳಿತ್ತು.

ಮೂರನೇ ಫ್ಲ್ಯಾಟ್? ಅದರ ಮಾತು ಬೇರೆ. ಪೈಂಟ್ ಆದ ಮೇಲೆ ಆ ಮನೆಯವರೇ ಡಿಶ್ ಕೂರಿಸೋಕೆ ನಾಲ್ಕು ಬೋಲ್ಟ್ ಹೊಡೆಸಿದ್ರು. ನೀರು ನಿಲ್ಲಿಸಿದಾಗ ಅಲ್ಲಿ ಸೋರಲಿಲ್ಲ, ಕಾರಣ ಬೋಲ್ಟ್ ಇದ್ದದ್ದು ಸ್ವಲ್ಪ ಎತ್ತರದ ಪ್ಯಾರಪೆಟ್ ಮೇಲೆ. ಕಮಿಟಿಯಲ್ಲಿ ಒಬ್ಬರು "ಅದನ್ನೂ ಸೇರಿಸಿಬಿಡಿ, ಅವನಿಗೇನು ಗೊತ್ತಾಗುತ್ತೆ" ಅಂದ್ರು. ಗೊತ್ತಾಗುತ್ತೆ ಸ್ವಾಮಿ, ಬೋಲ್ಟ್ ಕಣ್ಣಿಗೆ ಹೊಡೆಯೋ ಹಾಗಿದೆ. ಅದೊಂದು ಸುಳ್ಳು ಸಿಕ್ಕಿದ್ರೆ ಮಿಕ್ಕಿದ್ದೆಲ್ಲ ಸುಳ್ಳು ಅಂತ ಅವರು ವಾದ ಮಾಡ್ತಾರೆ. ಕಾಗದದಲ್ಲಿ ನಾವೇ ಬರೆದ್ವಿ: ಈ ಫ್ಲ್ಯಾಟಿನ ಕಲೆ ನಿಮ್ಮ ಲೆಕ್ಕದಲ್ಲಿಲ್ಲ. ಆಮೇಲೆ ಜಂಟಿ ಪರಿಶೀಲನೆಯ ದಿನ ಕಾಂಟ್ರಾಕ್ಟರ್ ಸ್ವಲ್ಪ ಮೆತ್ತಗಾಗಿದ್ದಕ್ಕೆ ಈ ಒಂದು ವಾಕ್ಯ ಕಾರಣ ಅಂತ ನನ್ನ ನಂಬಿಕೆ.

ಈಗ ಡಬ್ಬದ ಲೆಕ್ಕ. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ, ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಆರ್ಡರ್‌ಗೆ ಜೋಡಿಸಿದ್ದ ಕೋಟಿಂಗ್ ಕಂಪನಿಯ ಡೇಟಾ ಶೀಟ್ ಪ್ರಕಾರ ಎರಡು ಕೋಟ್, ಎರಡೂ ಸೇರಿ ಪ್ರತಿ ಚದರ ಮೀಟರಿಗೆ 1.2 ಕೆಜಿ ಹೋಗಬೇಕು. 600 ಚದರ ಮೀಟರಿಗೆ 720 ಕೆಜಿ. ಡಬ್ಬ 20 ಕೆಜಿಯದು, ಅಂದ್ರೆ 36 ಡಬ್ಬ. ನಮ್ಮ ಗೇಟಿನಲ್ಲಿ ಒಳಗೆ ಬರೋ ಸಾಮಾನೆಲ್ಲ ರಿಜಿಸ್ಟರಿನಲ್ಲಿ ಬರೆಯೋ ಪದ್ಧತಿ ಇದೆ. ತೆಗೆದು ನೋಡಿದ್ರೆ ಮೂರು ಸಲ ಸೇರಿ 22 ಡಬ್ಬ. 440 ಕೆಜಿ. ಒಂದು ಕೋಟಿಗೇ 18 ಡಬ್ಬ ಬೇಕು. ಉಳಿದದ್ದು ನಾಲ್ಕು, ಅದರಲ್ಲಿ ಎರಡನೇ ಕೋಟ್ ಆಗೋದು ಹೆಚ್ಚೆಂದ್ರೆ 133 ಚದರ ಮೀಟರಿಗೆ. ಅಂದ್ರೆ ಟೆರೇಸಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಜಾಗಕ್ಕೆ ಎರಡನೇ ಕೋಟ್ ಬಿದ್ದೇ ಇಲ್ಲ, ಅಥವಾ ನೀರು ಬೆರೆಸಿದ ಹಾಗೆ ತೆಳ್ಳಗೆ ಎಳೆದಿದ್ದಾರೆ.

ಆದ್ರೆ ಇದೊಂದೇ ಸಾಕ್ಷಿ ಆಗಲ್ಲ. "ಕಾರಿನಲ್ಲಿ ಹತ್ತು ಡಬ್ಬ ತಂದಿದ್ದೆ, ನಿಮ್ಮ ವಾಚ್‌ಮನ್ ಬರೆದಿಲ್ಲ" ಅಂದ್ರೆ? ಹಾಗಾಗಿ ಕಾಗದದಲ್ಲಿ ಡಬ್ಬದ ಲೆಕ್ಕವನ್ನ ಆರೋಪದ ಹಾಗೆ ಬರೆಯದೆ ಪ್ರಶ್ನೆಯ ಹಾಗೆ ಬರೆದ್ವಿ: ನಮ್ಮ ರಿಜಿಸ್ಟರಿನಲ್ಲಿ 22 ಇದೆ, ಉಳಿದ 14ರ ಖರೀದಿ ಬಿಲ್ ತೋರಿಸಿ, ಇಲ್ಲವೇ ಕೋಟಿಂಗಿನ ದಪ್ಪವನ್ನ ಜೊತೆಯಾಗಿ ಅಳೆಯೋಣ. ಅಳೆಯೋದು ಕಷ್ಟ ಅಲ್ಲ. ಎರಡು ಸೆಂಟಿಮೀಟರ್ ಚೌಕದ ಚೂರು ಬ್ಲೇಡಿನಿಂದ ಕತ್ತರಿಸಿ ವರ್ನಿಯರ್ ಕ್ಯಾಲಿಪರಿನಲ್ಲಿ ಹಿಡಿದ್ರೆ ಆಯ್ತು, ಆ ಜಾಗವನ್ನ ಆಮೇಲೆ ತೇಪೆ ಹಾಕಬೇಕು. ನಮ್ಮ ಡೇಟಾ ಶೀಟಿನಲ್ಲಿ ಒಣಗಿದ ಮೇಲೆ 0.7 ಮಿಲಿಮೀಟರ್ ಅಂತ ಇತ್ತು. ಆಮೇಲೆ ಇಬ್ಬರೂ ಸೇರಿ ಆರು ಕಡೆ ಕತ್ತರಿಸಿದಾಗ ನಾಲ್ಕು ಕಡೆ 0.35 ಆಸುಪಾಸು ಬಂತು, ಎರಡು ಕಡೆ ಸರಿಯಾಗಿತ್ತು. ಡಬ್ಬದ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತೆ.

ಇಲ್ಲೊಂದು ಮಾತು ಹೇಳಲೇಬೇಕು. ಆ ಕೆಲಸದ ಗ್ಯಾಂಗಿನ ಮೇಸ್ತ್ರಿ ವಿಜಯಪುರ ಜಿಲ್ಲೆಯವರು. ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಬರೋರಲ್ಲಿ ಆ ಕಡೆಯವರು, ಕಲಬುರಗಿ ಕಡೆಯವರು ತುಂಬ ಜನ, ನಿಮಗೂ ಗೊತ್ತಿರುತ್ತೆ. ಕನ್ನಡ ಬಂದಿದ್ದಕ್ಕೆ ನನ್ನ ಜೊತೆ ಚಹಾ ಕುಡಿಯೋ ಸಲಿಗೆ ಇತ್ತು. ಡಬ್ಬದ ವಿಷಯ ಕೇಳಿದಾಗ ಅವರು ಅಂದದ್ದು, "ಸರ್ರ, ಎರಡನೇ ಕೋಟ್ ಹಚ್ಚೂ ಮುಂದ ಡಬ್ಬಿ ಮುಗದಿದ್ವರಿ. ಇದ್ದದ್ರಾಗ ಹೊಡದ ಬಿಡ್ರಿ ಅಂದ್ರು, ಹೊಡದ್ವಿ. ನನ್ನ ಹೆಸರ ಮಾತ್ರ ಎಲ್ಲೂ ಹಾಕಬ್ಯಾಡ್ರಿ." ಇದನ್ನ ಕಾಗದದಲ್ಲಿ ಹಾಕಿದ್ರೆ ನಮ್ಮ ವಾದ ಗಟ್ಟಿ ಆಗ್ತಿತ್ತು, ಅವರ ಕೂಲಿ ಹೋಗ್ತಿತ್ತು. ಹಾಕಲಿಲ್ಲ. ಗೇಟಿನ ರಿಜಿಸ್ಟರು ಮತ್ತು ಕ್ಯಾಲಿಪರು ಅದನ್ನೇ ಹೇಳುತ್ತೆ, ಯಾರ ಹೊಟ್ಟೆ ಮೇಲೂ ಹೊಡೆಯಲ್ಲ. ಇವತ್ತೂ ಊರು, ಹೆಸರು ಹೇಳ್ತಿಲ್ಲ, ಗಮನಿಸಿ.

ಅದೇ ಮೇಸ್ತ್ರಿ ಇನ್ನೊಂದು ಮಾತೂ ಹೇಳಿದ್ರು. "ಸೊಸೈಟಿ ಫೈನಲ್ ಕೊಟ್ಟಿಲ್ಲ, ಅದಕ್ಕ ನಿಮ್ಮ ಪಗಾರ ಇಲ್ಲ" ಅಂತ ಎರಡು ವಾರದಿಂದ ಅವರಿಗೆ ಕೂಲಿ ಬಂದಿಲ್ಲ. ಕಂತು ತಡೆಹಿಡಿದಾಗ ಯಾರಿಗೆ ತಟ್ಟುತ್ತೆ ಅನ್ನೋದು ಕಮಿಟಿ ರೂಮಿನಲ್ಲಿ ಕಾಣಲ್ಲ. ಇದಕ್ಕೆ ನಾವು ಮಾಡಿದ್ದು ಇಷ್ಟು: ಫೈನಲ್ ಬಿಲ್ಲಿನ ಜೊತೆ ನೀರಿಳಿಯೋ ಪೈಪಿನ ಬಾಯಿ ಆರೂ ಬದಲಾಯಿಸಿದ್ದಕ್ಕೆ 16,500 ರೂಪಾಯಿ ಎಕ್ಸ್‌ಟ್ರಾ ಇತ್ತು. ಆ ಕೆಲಸ ಚೆನ್ನಾಗಿತ್ತು, ತಕರಾರಿಲ್ಲ. ಅದನ್ನ ಕಾಗದ ಹೋದ ದಿನವೇ ಕೊಟ್ವಿ, ಒಂದು ಪರ್ಸೆಂಟ್ ಟಿಡಿಎಸ್ 165 ಕತ್ತರಿಸಿ 16,335. ಟಿಡಿಎಸ್ ಕತ್ತರಿಸಿದ್ದನ್ನ ಬೇರೆಯಾಗಿ ಬರೆಯಿರಿ, ಇಲ್ಲದಿದ್ರೆ ಅದನ್ನೂ "ತಡೆಹಿಡಿದ ಹಣ"ಕ್ಕೆ ಸೇರಿಸಿ ಜಗಳ ತೆಗೀತಾರೆ. ತಕರಾರಿಲ್ಲದ್ದನ್ನ ಕೊಡೋದ್ರಿಂದ ಇನ್ನೊಂದು ಲಾಭ: ಸೊಸೈಟಿ ಹಣ ಇಲ್ಲದೆ ನೆಪ ಹುಡುಕ್ತಿಲ್ಲ ಅನ್ನೋದು ಕಾಗದದ ಮೇಲೇ ಕಾಣುತ್ತೆ.

ಸರಿ, ತಡೆಹಿಡಿಯೋ ಮೊತ್ತ ದೋಷಕ್ಕೆ ತಕ್ಕ ಹಾಗಿರಬೇಕು. ಎರಡು ಬೇರೆ ಏಜೆನ್ಸಿಯಿಂದ ಕೊಟೇಶನ್ ತಗೊಂಡ್ವಿ, ಗೋಲಾ ಹೊಸದಾಗಿ ಮಾಡಿ ಉಳಿದ ಜಾಗಕ್ಕೆ ಎರಡನೇ ಕೋಟ್ ಹೊಡೆಯೋಕೆ. ಒಂದು 96,000, ಇನ್ನೊಂದು 1,08,000. ಎರಡು ಫ್ಲ್ಯಾಟಿನ ಸೀಲಿಂಗ್ ರಿಪೇರಿ 21,000. ಕಡಿಮೆಯದನ್ನೇ ಹಿಡಿದ್ರೂ 1,17,000. ನಮ್ಮ ಕೈಯಲ್ಲಿರೋ 1,20,000ಕ್ಕೆ ಇದು ಹೊಂದಿದ್ದು ಕಾಕತಾಳೀಯ. ಕೊಟೇಶನ್ 40,000 ಬಂದಿದ್ರೆ ಪೂರ್ತಿ ಕಂತು ಹಿಡ್ಕೊಂಡು ಕೂರೋದು ನ್ಯಾಯ ಅಂತ ನನಗೆ ಅನ್ನಿಸ್ತಿರಲಿಲ್ಲ, ಷರತ್ತು ಇದ್ರೂ ಸಹ.

ಇನ್ನು ಗಡುವು. ಏಳು ದಿನದಲ್ಲಿ ಸರಿ ಮಾಡಿ ಅನ್ನೋದು ಕೇಳೋಕೆ ಚೆನ್ನಾಗಿದೆ. ಆದ್ರೆ ಪಾಲಿಯುರೆಥೇನ್ ಕೋಟಿಂಗಿಗೆ ತಳ ಒಣಗಿರಬೇಕು, ಜುಲೈನಲ್ಲಿ ಪುಣೆಯ ಟೆರೇಸ್ ಒಣಗಲ್ಲ. ಆಗದ ಗಡುವು ಕೊಟ್ರೆ ಎರಡು ಆಗುತ್ತೆ. ಒದ್ದೆ ಮೇಲೇ ಹೊಡೆದು ಗುಳ್ಳೆ ಏಳಿಸಿ ಹೋಗ್ತಾರೆ, ಇಲ್ಲವೇ ನಾವು ಸರಿ ಮಾಡೋಕೆ ಅವಕಾಶನೇ ಕೊಡಲಿಲ್ಲ ಅಂತ ನಾಳೆ ಹೇಳ್ತಾರೆ. ನಾವು ಮೂರು ಹಂತದ ದಿನ ಕೊಟ್ವಿ: ಜಂಟಿ ಪರಿಶೀಲನೆ ಜುಲೈ 10ರ ಒಳಗೆ, ಗೋಲಾದ ಬಿರುಕಿಗೆ ಮಳೆಗಾಲಕ್ಕಾಗುವಷ್ಟು ತಾತ್ಕಾಲಿಕ ತೇಪೆ ಅದಾದ ಏಳು ದಿನದಲ್ಲಿ, ಪೂರ್ತಿ ಕೆಲಸ ಅಕ್ಟೋಬರ್ 15ರಿಂದ ನವೆಂಬರ್ 15ರ ನಡುವೆ.

ಕಾಗದ ಹೋಗೋ ದಿನಾಂಕಕ್ಕೂ ಒಂದು ಲೆಕ್ಕ ಇದೆ. ನಮ್ಮ ಕಾಂಟ್ರಾಕ್ಟರ್ ಬಿಲ್ಲಿನ ಮೇಲೆ ಉದ್ಯಮ್ ರಿಜಿಸ್ಟ್ರೇಶನ್ ನಂಬರ್ ಇತ್ತು, ಸಣ್ಣ ಉದ್ಯಮ. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ ಸಣ್ಣ ಉದ್ಯಮದವರಿಗೆ ಹಣ ಕೊಡೋಕೆ ಗರಿಷ್ಠ 45 ದಿನ, ದಾಟಿದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಆದ್ರೆ ಕೆಲಸ ಒಪ್ಪಿಸಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಹೋಗಿದ್ರೆ, ಆ ಆಕ್ಷೇಪ ಸರಿಪಡಿಸಿದ ದಿನದಿಂದ ಎಣಿಕೆ. ಹೋಗಿರದಿದ್ರೆ ಒಪ್ಪಿಸಿದ ದಿನವೇ ಒಪ್ಪಿದ ಹಾಗೆ. ಇಂಥ ಕಟ್ಟಡ ಗುತ್ತಿಗೆಗಳಿಗೆ ಆ ಕಾಯ್ದೆ ಹೊಂದುತ್ತಾ ಅನ್ನೋದರ ಮೇಲೆ ಕೋರ್ಟುಗಳಲ್ಲಿ ವಾದ ನಡೆದಿದೆ, ಆ ಜಗಳಕ್ಕೆ ನಾವು ಯಾಕೆ ಹೋಗಬೇಕು? ಜೂನ್ 20ಕ್ಕೆ ಬಿಲ್ ಬಂತು, ಜುಲೈ 3ಕ್ಕೆ ಕಾಗದ ಹೊರಟಿತು, ಮೇಲ್ ಅವತ್ತೇ ತಲುಪಿತು. ಹದಿಮೂರನೇ ದಿನ.

ಇಷ್ಟೆಲ್ಲ ಆದ ಮೇಲೆ ಕಾಗದ ಎರಡು ಪುಟ. ಕಳಿಸಿದ್ದು ಇಂಗ್ಲಿಷಿನಲ್ಲಿ, ಮುಖ್ಯ ಭಾಗ ಕನ್ನಡದಲ್ಲಿ ಓದ್ತೀನಿ:

"ಮಾನ್ಯರೇ, ತಮ್ಮ ದಿನಾಂಕ 20-06-2024ರ ಅಂತಿಮ ಬಿಲ್ ತಲುಪಿದೆ. ವರ್ಕ್ ಆರ್ಡರಿನ ಪಾವತಿ ಷರತ್ತಿನಂತೆ ಕೊನೆಯ ಕಂತು ರೂ. 1,20,000 ಪಾಂಡಿಂಗ್ ಟೆಸ್ಟ್ ಮತ್ತು ಜಂಟಿ ಪರಿಶೀಲನೆಯ ನಂತರ ಕೊಡತಕ್ಕದ್ದು. ಇವೆರಡೂ ಆಗಿಲ್ಲವಾದ್ದರಿಂದ ಈ ಕಂತು ಇನ್ನೂ ಬಾಕಿಯಾಗಿಲ್ಲ.

ತಮ್ಮನ್ನು ಆಹ್ವಾನಿಸಿ ಜೂನ್ 27ರಿಂದ 29ರವರೆಗೆ ನಾವು ನಡೆಸಿದ ಟೆಸ್ಟಿನಲ್ಲಿ ಪೂರ್ವ ಭಾಗದ ಪ್ಯಾರಪೆಟ್ ಮೂಲೆಯಿಂದ ಎರಡು ಫ್ಲ್ಯಾಟುಗಳಿಗೆ ಸೋರಿಕೆ ಕಂಡಿದೆ. ವಿವರ ಮತ್ತು ಫೋಟೋಗಳು ಅನುಬಂಧ 1ರಲ್ಲಿವೆ. ಉಳಿದ ಎರಡು ಭಾಗಗಳಲ್ಲಿ ಸೋರಿಕೆ ಕಂಡಿಲ್ಲ. ಮೂರನೇ ಫ್ಲ್ಯಾಟಿನ ಕಲೆಗೆ ಪ್ಯಾರಪೆಟ್ ಮೇಲಿನ ಬೋಲ್ಟುಗಳು ಕಾರಣವಾಗಿದ್ದು, ಅದನ್ನು ತಮ್ಮ ಕೆಲಸದ ದೋಷವೆಂದು ನಾವು ಹೇಳುತ್ತಿಲ್ಲ.

ಡೇಟಾ ಶೀಟಿನಂತೆ 36 ಡಬ್ಬ ಬೇಕಿದ್ದು ಗೇಟ್ ರಿಜಿಸ್ಟರಿನಲ್ಲಿ 22 ದಾಖಲಾಗಿವೆ. ಉಳಿದವುಗಳ ಖರೀದಿ ಬಿಲ್ ಒದಗಿಸಬೇಕು ಅಥವಾ ಜಂಟಿಯಾಗಿ ದಪ್ಪ ಅಳೆಯಲು ಒಪ್ಪಬೇಕು.

ತಕರಾರಿಲ್ಲದ ರೂ. 16,500ನ್ನು ಟಿಡಿಎಸ್ ಕಳೆದು ಇಂದು ಪಾವತಿಸಲಾಗಿದೆ. ಕೆಳಗಿನ ದಿನಾಂಕಗಳೊಳಗೆ ದೋಷ ಸರಿಪಡಿಸಿ ಟೆಸ್ಟ್ ಯಶಸ್ವಿಯಾದ 15 ದಿನಗಳಲ್ಲಿ ಕೊನೆಯ ಕಂತನ್ನು ಪಾವತಿಸುತ್ತೇವೆ. ತಾವು ಸರಿಪಡಿಸದಿದ್ದಲ್ಲಿ ಬೇರೆಯವರಿಂದ ಮಾಡಿಸಿ, ತಗುಲಿದ ವೆಚ್ಚವನ್ನು ಬಿಲ್ ಸಮೇತ ತಮಗೆ ತಿಳಿಸಿ, ಅದನ್ನು ಈ ಕಂತಿನಲ್ಲಿ ಹೊಂದಿಸಿ, ಉಳಿದದ್ದನ್ನು ತಮಗೆ ಕೊಡುತ್ತೇವೆ."

ಇದರಲ್ಲಿ "ಮೋಸ" ಇಲ್ಲ, ಊರಿಗೆಲ್ಲ ತಿಳಿಸ್ತೀವಿ ಅನ್ನೋ ಬೆದರಿಕೆ ಇಲ್ಲ. ಮೋಸ ಅಂದ್ರೆ ಉದ್ದೇಶವನ್ನೂ ಸಾಧಿಸಬೇಕಾಗುತ್ತೆ, ನಮಗೆ ಬೇಕಾಗಿದ್ದು ಎರಡನೇ ಕೋಟ್. ಇನ್ನೊಂದು ಇಲ್ಲದ್ದು, ಮೇಲ್ಗಡೆ "ವಿದೌಟ್ ಪ್ರಿಜುಡೀಸ್" ಅನ್ನೋ ಮುದ್ರೆ. ಎಲ್ಲ ಕಾಗದಕ್ಕೂ ಅದನ್ನ ಊದುಬತ್ತಿ ಹಚ್ಚೋ ಹಾಗೆ ಹಚ್ಚೋರಿದ್ದಾರೆ. ಅದು ರಾಜಿ ಮಾತುಕತೆಯ ಕಾಗದಕ್ಕೆ, ಅಲ್ಲಿ ಒಪ್ಪಿದ್ದನ್ನ ನಾಳೆ ನಮ್ಮ ವಿರುದ್ಧ ಬಳಸಬಾರದು ಅಂತ. ನಾಳೆ ನಾವೇ ಕೋರ್ಟಿನಲ್ಲಿ ತೋರಿಸಬೇಕಾದ ನೋಟಿಸಿನ ಮೇಲೆ ಅದು ಯಾಕೆ?

ಕಾಗದಕ್ಕೆ ಮುಂಚೆ ಕಮಿಟಿ ಮೀಟಿಂಗಿನಲ್ಲಿ ಠರಾವು ಮಾಡಿ, ಸೆಕ್ರೆಟರಿ ಸಹಿ ಹಾಕಿ, ಆರ್ಡರ್‌ನಲ್ಲಿದ್ದ ವಿಳಾಸಕ್ಕೇ ರಿಜಿಸ್ಟರ್ಡ್ ಎಡಿಯಲ್ಲಿ ಕಳಿಸಿದ್ವಿ. 2025ರ ಸೆಪ್ಟೆಂಬರಿನಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ, ಈಗ ಸ್ಪೀಡ್ ಪೋಸ್ಟಿನಲ್ಲೇ ತಲುಪಿದ್ದಕ್ಕೆ ಪುರಾವೆ ತಗೋಬೇಕು. ಫೋಟೋಗಳ ಮೂಲ ಫೈಲನ್ನ ಡ್ರೈವಿನಲ್ಲಿ ಇಡಿ. ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೋ ಆಗಿ ಕಳಿಸಿದ್ರೆ ತೆಗೆದ ದಿನ, ಹೊತ್ತಿನ ಮಾಹಿತಿ ಉದುರಿಹೋಗುತ್ತೆ.

ಐದನೇ ದಿನ ಉತ್ತರ ಬಂತು, ಖಾರವಾಗೇ. ಅದರಲ್ಲಿ ನಾನು ಎದುರು ನೋಡದಿದ್ದ ಒಂದು ವಾದ ಇತ್ತು: ಹತ್ತು ವರ್ಷದ ಗ್ಯಾರಂಟಿ ಕೊಟ್ಟಿದ್ದೇನಲ್ಲ, ಸೋರಿದ್ರೆ ಗ್ಯಾರಂಟಿಯಲ್ಲಿ ಮಾಡ್ತೀನಿ, ಹಣ ಈಗ ಕೊಡಿ. ಮೇಲ್ನೋಟಕ್ಕೆ ಸರಿ ಅನ್ನಿಸುತ್ತೆ. ಆದ್ರೆ ಗ್ಯಾರಂಟಿ ಇರೋದು ಮುಗಿದ ಕೆಲಸದಲ್ಲಿ ಆಮೇಲೆ ಬರೋ ದೋಷಕ್ಕೆ. ಇಲ್ಲಿ ಕೆಲಸವೇ ಮುಗಿದಿಲ್ಲ. ಎರಡು ಸಾಲಿನ ಉತ್ತರ ಬರೆದು, ಜುಲೈ 10ರ ಪರಿಶೀಲನೆಗೆ ಮತ್ತೆ ಕರೆದ್ವಿ. ಬಂದರು. ಗೋಲಾ ನೋಡಿದ್ರು, ಬೋಲ್ಟ್ ನೋಡಿ ನಕ್ಕರು, ಕ್ಯಾಲಿಪರ್ ಅವರದ್ದೇ ತಂದಿದ್ದರು. ಆರು ಚೂರು ಕತ್ತರಿಸಿ ಒಂದು ಹಾಳೆಯಲ್ಲಿ ಅಂಕಿ ಬರೆದು ಇಬ್ಬರೂ ಸಹಿ ಹಾಕಿದ್ವಿ. ಅಲ್ಲಿಂದ ಮುಂದೆ ವಾದ ಇರಲಿಲ್ಲ, ಚೌಕಾಸಿ ಇತ್ತು.

ತಾತ್ಕಾಲಿಕ ತೇಪೆ ಜುಲೈನಲ್ಲಿ ಆಯ್ತು, ಮಳೆಗಾಲ ಕಳೀತು. ಅಕ್ಟೋಬರ್ ಕೊನೆಯ ವಾರ 15 ಡಬ್ಬ ಗೇಟಿನಿಂದ ಒಳಗೆ ಬಂತು, ಈ ಸಲ ಖಾಲಿ ಡಬ್ಬಗಳನ್ನೂ ಎಣಿಸಿಯೇ ಹೊರಗೆ ಬಿಟ್ವಿ. ನವೆಂಬರಿನಲ್ಲಿ 48 ಗಂಟೆ ನೀರು ನಿಲ್ಲಿಸಿದ್ರೂ ಸೀಲಿಂಗ್ ಒಣಗೇ ಇತ್ತು. ಸೀಲಿಂಗ್ ರಿಪೇರಿಯ 21,000ಕ್ಕೆ ಮಾತ್ರ ಅವರು ಪೂರ್ತಿ ಒಪ್ಪಲಿಲ್ಲ, ಪೈಂಟ್ ಹಳೆಯದಾಗಿತ್ತು ಅಂದ್ರು, ಅದರಲ್ಲಿ ಸತ್ಯ ಇತ್ತು. 12,000ಕ್ಕೆ ರಾಜಿ ಆಯ್ತು, ಅದನ್ನ ಕಂತಿನಲ್ಲಿ ಹೊಂದಿಸಿ 1,08,000ಕ್ಕೆ ಟಿಡಿಎಸ್ ಕಳೆದು ಪಾವತಿ ಮಾಡಿದ್ವಿ. ಉಳಿದ 9,000 ಸೊಸೈಟಿ ರಿಪೇರಿ ಫಂಡಿನಿಂದ ಹೋಯ್ತು. ಆ ಹೊಂದಾಣಿಕೆಯ ಪತ್ರಕ್ಕೆ ಮಾತ್ರ "ಪೂರ್ಣ ಮತ್ತು ಅಂತಿಮ" ಅಂತ ಬರೆದು ಇಬ್ಬರ ಸಹಿ ತಗೊಂಡ್ವಿ, ಗ್ಯಾರಂಟಿ ಬಿಟ್ಟು ಅಂತ ಸ್ಪಷ್ಟವಾಗಿ ಸೇರಿಸಿ. ಇಲ್ಲದಿದ್ರೆ ಆ ಮೂರು ಪದ ಗ್ಯಾರಂಟಿಯನ್ನೂ ನುಂಗಿಬಿಡಬಹುದು. ಗ್ಯಾರಂಟಿ ಕಾಗದದ ತಾರೀಕನ್ನೂ ಜೂನ್‌ನಿಂದ ನವೆಂಬರಿಗೆ ಬದಲಾಯಿಸಿಕೊಂಡ್ವಿ.

ಮೇಸ್ತ್ರಿಗೆ 16,335 ಹೋದ ವಾರವೇ ಅರ್ಧ ಕೂಲಿ ಸಿಕ್ತು, ಮಿಕ್ಕದ್ದು ನವೆಂಬರಿನವರೆಗೆ ಸಿಗಲಿಲ್ಲ ಅಂತ ಫೋನಿನಲ್ಲಿ ಹೇಳಿದ್ರು. ಮುಂದಿನ ವರ್ಕ್ ಆರ್ಡರ್ ಬರೆಯೋವಾಗ ಕೂಲಿಯ ಕಂತನ್ನ ಬೇರೆ, ಟೆಸ್ಟಿನ ಕಂತನ್ನ ಬೇರೆ ಮಾಡಬೇಕು ಅಂತ ಕಮಿಟಿಯಲ್ಲಿ ಇಟ್ಟಿದ್ದೀನಿ, ಇನ್ನೂ ಚರ್ಚೆ ನಡೀತಿದೆ. ಹಾಗೆ ಮಾಡಿ ನೋಡಿದ ಸೊಸೈಟಿಯವರು ಯಾರಾದ್ರೂ ಇಲ್ಲಿದ್ರೆ ಈಗ ಹೇಳಿ, ನಾನು ಬರ್ಕೊಳ್ತೀನಿ.